ಠರಾವು, ಕಿರ್ದಿ, ಶಿಲ್ಕು: ಮುಂಬೈಯ ಕನ್ನಡ ಶಾಲೆಯ ವ್ಯವಸ್ಥಾಪನ ಸಮಿತಿಗೆ ಹೊಸದಾಗಿ ಬಂದ ಪಾಲಕರಿಗೆ

ಪಾಲಕರ ಸಭೆಯಲ್ಲಿ ನಿಮ್ಮ ಹೆಸರು ಕೂಗಿದರು, ಬಂದವರೆಲ್ಲ ಕೈ ಎತ್ತಿದರು, ನೀವು ಶಾಲಾ ವ್ಯವಸ್ಥಾಪನ ಸಮಿತಿಯ ಸದಸ್ಯರಾದಿರಿ. ಮುಂದಿನ ತಿಂಗಳು ಶಾಲೆಗೆ ಹೋದಾಗ ಒಂದು ದಪ್ಪ ವಹಿಯನ್ನು ನಿಮ್ಮ ಕಡೆ ತಿರುಗಿಸಿ, "ಇಲ್ಲೊಂದು ಸಹಿ ಮಾಡ್ರಿ" ಎನ್ನುತ್ತಾರೆ. ಬರಹವೆಲ್ಲ ಮರಾಠಿಯಲ್ಲಿರುತ್ತದೆ. ಕೆಲಸದ ರಜೆ ಹಾಕಿ ಬಂದಿರುತ್ತೀರಿ, ಹಿಂದೆ ಇನ್ನೂ ನಾಲ್ಕು ಮಂದಿ ನಿಂತಿರುತ್ತಾರೆ. ಸಮಿತಿಯ ಕೆಲಸ ಕೆಡುವುದು ಸಾಮಾನ್ಯವಾಗಿ ಇಲ್ಲಿಯೇ. ಆ ವಹಿಯನ್ನು ಹೇಗೆ ಓದಬೇಕು, ಯಾವಾಗ ಸಹಿ ಹಾಕಬೇಕು, ಯಾವಾಗ ಪೆನ್ನು ಕೆಳಗಿಡಬೇಕು ಎಂಬುದನ್ನೇ ಈ ಲೇಖನ ಮುಖ್ಯವಾಗಿ ಹೇಳುತ್ತದೆ.

ಮೊದಲು ಕೇಳಬೇಕಾದದ್ದು: ನಿಮ್ಮ ಶಾಲೆ ಯಾರದು?

ಮುಂಬೈಯಲ್ಲಿ ಕನ್ನಡ ಶಾಲೆಗಳು ಎರಡು ಬಗೆಯವು. ಮಹಾನಗರಪಾಲಿಕೆ ಮರಾಠಿ, ಹಿಂದಿ, ಉರ್ದು, ಗುಜರಾತಿ, ತಮಿಳು, ತೆಲುಗು, ಇಂಗ್ಲಿಷ್ ಜೊತೆಗೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತದೆ. ಇನ್ನೊಂದು ಬಗೆಯವು ಕನ್ನಡ ಸಂಘ ಸಂಸ್ಥೆಗಳು ಕಟ್ಟಿ, ಸರ್ಕಾರದ ಅನುದಾನ ಪಡೆದು ನಡೆಸುವ ಶಾಲೆಗಳು.

2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮಿನ ಪ್ರಕಾರ ಎರಡೂ ಕಡೆ ಸಮಿತಿ ಇರಲೇಬೇಕು. ಆದರೆ 2012ರಲ್ಲಿ ಕಾಯ್ದೆಗೆ ಬಂದ ತಿದ್ದುಪಡಿಯಿಂದ ಅನುದಾನಿತ ಶಾಲೆಗಳಲ್ಲೂ, ಧರ್ಮ ಅಥವಾ ಭಾಷೆಯ ಆಧಾರದ ಅಲ್ಪಸಂಖ್ಯಾತ ಶಾಲೆಗಳಲ್ಲೂ ಸಮಿತಿಯ ಕೆಲಸ ಸಲಹೆಗಷ್ಟೇ ಸೀಮಿತವಾಯಿತು. ಮಹಾರಾಷ್ಟ್ರದಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. ಹಾಗಾಗಿ ಸಂಘದ ಶಾಲೆಯ ಸಮಿತಿಯಲ್ಲಿದ್ದರೆ ನೀವು ಸೂಚಿಸಬಹುದು, ಕೇಳಬಹುದು, ಬರೆಸಬಹುದು. ಕೊನೆಯ ಮಾತು ಆಡಳಿತ ಮಂಡಳಿಯದು. ಪಾಲಿಕೆಯ ಶಾಲೆಯಲ್ಲಿದ್ದರೆ ಶಾಲೆಯ ಕೆಲಸದ ಮೇಲೆ ನಿಗಾ, ಅಭಿವೃದ್ಧಿ ಯೋಜನೆ ತಯಾರಿ, ಬಂದ ಅನುದಾನದ ಖರ್ಚಿನ ಮೇಲೆ ಕಣ್ಣು, ಇವೆಲ್ಲ ನಿಮ್ಮ ಹೊಣೆ. ಇಲ್ಲಿಂದ ಮುಂದೆ ಹೇಳುವುದು ಪಾಲಿಕೆ ಶಾಲೆಯ ಸಮಿತಿಗೆ. ಊರ ಕಡೆಯ ಸರ್ಕಾರಿ ಶಾಲೆಗಳ ಸಮಿತಿಯಾದ ಎಸ್‌ಡಿಎಂಸಿ ಕಂಡವರಿಗೆ ಕೆಲಸದ ಬಗೆ ಹೊಸದೆನಿಸದು, ಆದರೆ ಇಲ್ಲಿಯ ನಿಯಮ ಮಹಾರಾಷ್ಟ್ರದ್ದು.

ಮಹಾರಾಷ್ಟ್ರದಲ್ಲಿ ಸಮಿತಿಗೆ 12ರಿಂದ 16 ಸದಸ್ಯರು. ಅವರಲ್ಲಿ ಕನಿಷ್ಠ ಮುಕ್ಕಾಲು ಪಾಲು ಆ ಶಾಲೆಯಲ್ಲೇ ಓದುವ ಮಕ್ಕಳ ತಂದೆತಾಯಿ ಅಥವಾ ಪಾಲಕರು, ಅರ್ಧದಷ್ಟು ಹೆಂಗಸರು. ಉಳಿದ ಸ್ಥಾನಗಳಲ್ಲಿ ಸ್ಥಳೀಯ ಜನಪ್ರತಿನಿಧಿ, ಶಿಕ್ಷಕರ ಪ್ರತಿನಿಧಿ, ಶಿಕ್ಷಣ ತಿಳಿದವರೊಬ್ಬರು ಇರುತ್ತಾರೆ. ಅಧ್ಯಕ್ಷರು ಪಾಲಕರಲ್ಲೊಬ್ಬರೇ ಆಗಬೇಕು. ಮುಖ್ಯಾಧ್ಯಾಪಕರು ಸದಸ್ಯ ಕಾರ್ಯದರ್ಶಿ: ಸಭೆ ಕರೆಯುವುದು, ವಹಿ ಬರೆಯುವುದು, ಕಾಗದಪತ್ರ ಕಾಯುವುದು ಅವರ ಕೆಲಸ. ಎರಡು ವರ್ಷಕ್ಕೊಮ್ಮೆ ಸಮಿತಿ ಹೊಸದಾಗುತ್ತದೆ. ನಿಮ್ಮ ಮಗು ಏಳನೇ ಇಯತ್ತೆ ಮುಗಿಸಿ ಶಾಲೆ ಬಿಟ್ಟರೆ ನೀವು ಪಾಲಕ ಸದಸ್ಯರಾಗಿ ಉಳಿಯುವುದಿಲ್ಲ. ಕೆಲವು ಕಡೆ ಹಳೆಯ ಅಧ್ಯಕ್ಷರ ಸಹಿಯೇ ಬ್ಯಾಂಕಿನಲ್ಲಿ ಉಳಿದು ಹಣ ತಿಂಗಳುಗಟ್ಟಲೆ ನಿಂತುಬಿಡುವುದು ಇದರಿಂದಲೇ. ಹೊಸ ಸಮಿತಿಯ ಮೊದಲ ಸಭೆಯಲ್ಲೇ ಸಹಿ ಬದಲಿಸುವ ಠರಾವು ಮಾಡಿಬಿಡಿ.

ತಿಂಗಳ ಸಭೆ: ನೋಟೀಸಿನಿಂದ ಸಹಿಯವರೆಗೆ

ಸಭೆ ತಿಂಗಳಿಗೊಮ್ಮೆಯಾದರೂ ನಡೆಯಬೇಕು. ನಡಾವಳಿ ಬರೆದಿಡಬೇಕು, ಯಾರು ಕೇಳಿದರೂ ತೋರಿಸಬೇಕು. ನೋಟೀಸು ಮೊದಲೇ ಬರಬೇಕು, ಅದರಲ್ಲಿ ಚರ್ಚೆಯ ವಿಷಯಗಳು ಬರೆದಿರಬೇಕು. "ನಾಳೆ ಹತ್ತಕ್ಕೆ ಮೀಟಿಂಗ್ ಅದ" ಎಂದು ಮಗುವಿನ ಕೈಯಲ್ಲಿ ಹೇಳಿ ಕಳಿಸಿದ್ದು ನೋಟೀಸಲ್ಲ. ಕಟ್ಟಡದ ಕೆಲಸಕ್ಕೆ, ಮನೆಕೆಲಸಕ್ಕೆ ಹೋಗುವ ಪಾಲಕರೇ ಹೆಚ್ಚಾಗಿರುವ ಶಾಲೆಯಲ್ಲಿ ಬೆಳಿಗ್ಗೆ ಹತ್ತರ ಸಭೆ ಎಂದರೆ ಒಂದು ದಿನದ ಕೂಲಿ ಹೋದಂತೆ. ಹಾಗಾಗಿ ಮೊದಲ ಸಭೆಯಲ್ಲೇ ವರ್ಷಪೂರ್ತಿಗೆ ಒಂದು ದಿನ, ಒಂದು ಹೊತ್ತು ಗೊತ್ತು ಮಾಡಿ. ಉದಾಹರಣೆಗೆ ತಿಂಗಳ ಎರಡನೇ ಶನಿವಾರ, ಮಕ್ಕಳನ್ನು ಬಿಡಲು ಬರುವ ಹೊತ್ತಿಗೇ, ಮುಕ್ಕಾಲು ತಾಸು. ಇದನ್ನೂ ಠರಾವಾಗಿ ಬರೆಸಿ.

ವಹಿಯ ಭಾಷೆಗೆ ಹೆದರಬೇಡಿ. ಮುಂಬೈ ಕರ್ನಾಟಕದ ಕಡೆಯ ಹಿರಿಯರು ಬಳಸುತ್ತಿದ್ದ ಲೆಕ್ಕದ ಮಾತುಗಳೇ ಅಲ್ಲಿವೆ. ಮರಾಠಿಯ ಠರಾವ್ ನಮ್ಮ ಠರಾವು. ಸೂಚಕ, ಅನುಮೋದಕ ಎರಡೂ ಭಾಷೆಯಲ್ಲಿ ಒಂದೇ. ಕೀರ್ದ್ ಎಂದರೆ ಕಿರ್ದಿ, ದಿನದಿನದ ಜಮಾಖರ್ಚಿನ ವಹಿ. ಶಿಲ್ಲಕ್ ಎಂದರೆ ಶಿಲ್ಕು, ಖರ್ಚು ಕಳೆದು ಉಳಿದ ಹಣ. ಮರಾಠಿಯ ಪಾವತೀ ಎಂದರೆ ರಸೀದಿ, ನಾವು ಹಣ ಕೊಡುವುದಕ್ಕೆ ಹೇಳುವ ಪಾವತಿಯಲ್ಲ. ಇತಿವೃತ್ತ ಎಂಬುದು ನಡಾವಳಿ. ಇಷ್ಟು ಮಾತು ಗೊತ್ತಿದ್ದು, ಅಕ್ಷರ ಬಲ್ಲವರೊಬ್ಬರು ಗಟ್ಟಿಯಾಗಿ ಓದಿದರೆ ಅರ್ಧ ಕೆಲಸ ಆದಂತೆ. ಆದ್ದರಿಂದ ನಿಮ್ಮ ಸಮಿತಿಯ ಮೊದಲ ನಿಯಮ ಇದಾಗಲಿ: ಸಹಿಗೆ ಮೊದಲು ಪ್ರತಿಯೊಂದು ಠರಾವನ್ನೂ ಕನ್ನಡದಲ್ಲಿ ಓದಿ ಹೇಳಬೇಕು. ಕನ್ನಡ ಶಾಲೆಯ ಮಾಸ್ತರರಿಗೆ ಎರಡೂ ಭಾಷೆ ಬರುತ್ತವೆ, ಇದು ಹೊರೆಯಲ್ಲ.

ಸರಿಯಾದ ಠರಾವಿನಲ್ಲಿ ಏನು, ಎಷ್ಟು, ಯಾವ ಹಣದಿಂದ, ಯಾವಾಗಿನೊಳಗೆ ಎಂಬ ನಾಲ್ಕೂ ಇರಬೇಕು. "ಶಾಲೆಗೆ ಅಗತ್ಯ ಸಾಮಾನು ಖರೀದಿಗೆ ಒಪ್ಪಿಗೆ" ಎಂದಷ್ಟೇ ಬರೆದರೆ ಅದರಡಿ ಯಾವ ಬಿಲ್ಲನ್ನಾದರೂ ಸೇರಿಸಬಹುದು. ಅದರ ಬದಲು "ಎರಡನೇ ಮಹಡಿಯ ಎರಡು ವರ್ಗಗಳ 12 ಬೆಂಚುಗಳಿಗೆ ಹೊಸ ಹಲಗೆ, ಬೆಂಚಿಗೆ ₹750ರಂತೆ ಒಟ್ಟು ₹9,000, ಸಂಯುಕ್ತ ಶಾಲಾ ಅನುದಾನದಿಂದ, ಜನವರಿ ಮುಗಿಯುವುದರೊಳಗೆ" ಎಂದು ಬರೆಸಿ. ಕೆಳಗೆ ಸೂಚಕರ, ಅನುಮೋದಕರ ಹೆಸರು ಬರಲಿ.

ಸಹಿಯ ವಿಷಯದಲ್ಲಿ ಮೂರು ಕಡೆ ಗಟ್ಟಿಯಾಗಿರಿ. ಬರಹ ಮುಗಿಯದ ಪುಟಕ್ಕೆ ಸಹಿ ಹಾಕಬೇಡಿ. ಮೇಲೆ ಖಾಲಿ ಬಿಟ್ಟು ಕೆಳಗೆ ಸಹಿ ತೆಗೆದುಕೊಂಡ ಪುಟದಲ್ಲಿ ಆಮೇಲೆ ಏನು ತುಂಬುತ್ತಾರೆಂದು ಯಾರಿಗೂ ಗೊತ್ತಾಗುವುದಿಲ್ಲ. ಬಾರದ ಸಭೆಗೆ ಆಮೇಲೆ ಸಹಿ ಮಾಡಬೇಡಿ. ಅಧ್ಯಕ್ಷರಾಗಿದ್ದರೆ ಖಾಲಿ ಚೆಕ್ಕಿಗಾಗಲಿ, ಹೆಸರು ಮೊತ್ತ ಇಲ್ಲದ ಪಾವತಿ ಪತ್ರಕ್ಕಾಗಲಿ ಸಹಿ ಬೇಡವೇ ಬೇಡ. "ಅಕ್ಕಾ, ನೀವು ಮತ್ತ ಯಾವಾಗ ಬರ್ತೀರೋ, ನಾಲ್ಕಕ್ಕ ಸಹಿ ಮಾಡಿ ಇಟ್ಟುಬಿಡ್ರಿ" ಎಂದು ಒಳ್ಳೆಯ ಮನಸ್ಸಿನಿಂದಲೇ ಕೇಳಬಹುದು. ಆದರೂ ಹಾಕಬೇಡಿ. ನಾಳೆ ತಪಾಸಣೆಯಲ್ಲಿ ಪ್ರಶ್ನೆ ಬಂದರೆ ಕಾಗದದ ಮೇಲಿರುವುದು ನಿಮ್ಮ ಹೆಸರು. ಹೆಬ್ಬೆಟ್ಟು ಒತ್ತುವ ಸದಸ್ಯರಿದ್ದರೆ ಪಕ್ಕದಲ್ಲಿ ಅವರ ಹೆಸರನ್ನು, ಓದಿ ಹೇಳಿದವರ ಹೆಸರನ್ನು ಬರೆಸಿ.

ನಮ್ಮ ಅಭಿಪ್ರಾಯದಲ್ಲಿ ಅರ್ಧಕ್ಕಿಂತ ಕಡಿಮೆ ಸದಸ್ಯರು ಬಂದ ದಿನ ಹಣದ ಠರಾವನ್ನು ಮುಂದೂಡುವುದೇ ಲೇಸು. ಬೇರೆ ವಿಷಯ ಮಾತಾಡಿ, ಹಣದ್ದನ್ನು ಮುಂದಿನ ವಾರಕ್ಕೆ ಇಡಿ.

50,000 ರೂಪಾಯಿಯ ಬೆನ್ನು ಹತ್ತುವುದು

ಸಮಗ್ರ ಶಿಕ್ಷಾ ಯೋಜನೆಯಡಿ ಸರ್ಕಾರಿ ಶಾಲೆಗಳಿಗೆ ಸಂಯುಕ್ತ ಶಾಲಾ ಅನುದಾನ ಬರುತ್ತದೆ. ಮೊತ್ತ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ: 30ರವರೆಗೆ ₹10,000, 31ರಿಂದ 100ಕ್ಕೆ ₹25,000, 101ರಿಂದ 250ಕ್ಕೆ ₹50,000, 251ರಿಂದ 1,000ಕ್ಕೆ ₹75,000, ಅದಕ್ಕಿಂತ ಹೆಚ್ಚಿದ್ದರೆ ₹1 ಲಕ್ಷ. ಇದರಲ್ಲಿ ಕನಿಷ್ಠ ಹತ್ತನೇ ಒಂದು ಪಾಲು ಸ್ವಚ್ಛತೆಗೆ ಹೋಗಬೇಕು. ಮಕ್ಕಳ ಸಂಖ್ಯೆಯನ್ನು ಯುಡೈಸ್ ಪ್ಲಸ್ ಎಂಬ ಸರ್ಕಾರದ ಆನ್‌ಲೈನ್ ಶಾಲಾ ಮಾಹಿತಿ ನೋಂದಣಿಯಿಂದ ತೆಗೆದುಕೊಳ್ಳುತ್ತಾರೆ. 103 ಮಕ್ಕಳಿರುವ ಕನ್ನಡ ಶಾಲೆಯಲ್ಲಿ ನಾಲ್ಕು ಮಕ್ಕಳ ಹೆಸರು ತುಂಬುವುದು ತಪ್ಪಿಹೋದರೆ ಅನುದಾನದ ಹಂತ ಅರ್ಧಕ್ಕೆ ಇಳಿಯುತ್ತದೆ. ಮಕ್ಕಳ ಸಂಖ್ಯೆ ಇಳಿಯುತ್ತಿರುವ ನಮ್ಮ ಶಾಲೆಗಳಲ್ಲಿ ಇದು ದೊಡ್ಡ ಮಾತು. ನೋಂದಣಿ ತುಂಬಿದ ಮೇಲೆ ಅದರ ಸಂಖ್ಯೆಯನ್ನೂ ಹಾಜರಿ ಪುಸ್ತಕದ ಸಂಖ್ಯೆಯನ್ನೂ ಒಂದು ಸಭೆಯಲ್ಲಿ ಎದುರುಬದುರು ಇಟ್ಟು ನೋಡಿ.

ಹಣ ಈಗ ಶಾಲೆಯ ಖಾತೆಯಲ್ಲಿ ಬಂದು ಕೂರುವುದಿಲ್ಲ. ರಾಜ್ಯದ ಒಂದೇ ನೋಡಲ್ ಖಾತೆಯಲ್ಲಿ ಇರುತ್ತದೆ, ಶಾಲೆಗೆ ಖರ್ಚಿನ ಮಿತಿ ಕೊಡುತ್ತಾರೆ. ಬಿಲ್ಲಿನ ಹಣ ನೇರ ಅಂಗಡಿಯವರ ಖಾತೆಗೆ ಹೋಗುತ್ತದೆ. ವರ್ಷದ ಕೊನೆಗೆ, ಮಾರ್ಚ್ 31ಕ್ಕೆ ಉಳಿದ ಮಿತಿ ಕೈತಪ್ಪುತ್ತದೆ. ಮಿತಿ ತಡವಾಗಿ ಬಂದಾಗ ಮಾರ್ಚ್ ಕೊನೆಯ ವಾರದಲ್ಲಿ ಗಡಿಬಿಡಿಯ ಖರೀದಿ ನಡೆಯುತ್ತದೆ. ತಪ್ಪುಗಳು ಹುಟ್ಟುವುದು ಅಲ್ಲಿಯೇ. ಇದಕ್ಕೆ ಮದ್ದು ಒಂದೇ: ಹಣ ಬರಲಿ ಬಿಡಲಿ, ಜುಲೈಯಲ್ಲೇ ಬೇಕಾದ ಸಾಮಾನಿನ ಪಟ್ಟಿ ಠರಾವಾಗಿ ಸಿದ್ಧವಿರಬೇಕು.

ಒಂದು ಮಾದರಿ ಲೆಕ್ಕ ನೋಡೋಣ. 138 ಮಕ್ಕಳ ಶಾಲೆ, ಅನುದಾನ ₹50,000. ಮಾರ್ಚ್ ಕೊನೆಯಲ್ಲಿ ಕಿರ್ದಿಯಲ್ಲಿ ಹೀಗಿದೆ: ಸಾಬೂನು, ಫಿನೈಲ್, ಬ್ರಷ್, ಶೌಚಾಲಯದ ನಲ್ಲಿ ₹6,350, ನೀರು ಶುದ್ಧೀಕರಣ ಯಂತ್ರದ ಫಿಲ್ಟರ್ ಬದಲಿ ₹5,200, ಫ್ಯಾನ್ ರಿಪೇರಿ ಮತ್ತು ಟ್ಯೂಬ್‌ಲೈಟ್ ₹4,150, ವಹಿ, ಕಾಗದ, ಖಡು ₹7,900, ಬೋಧನ ಸಾಮಗ್ರಿ ₹8,400, ಬೆಂಚು ದುರಸ್ತಿ ₹9,000, ಕೊನೆಯಲ್ಲಿ ಮಾರ್ಚ್ 30ರ ತಾರೀಖಿನಲ್ಲಿ "ಶಾಲಾ ಸಾಹಿತ್ಯ" ₹9,000. ಕೂಡಿಸಿದರೆ ಸರಿಯಾಗಿ 50,000, ಶಿಲ್ಕು ಸೊನ್ನೆ. ಸ್ವಚ್ಛತೆಗೆ ₹5,000 ಬೇಕಿತ್ತು, ₹6,350 ಆಗಿದೆ. ಕಾಗದದ ಮೇಲೆ ಎಲ್ಲ ಚೆನ್ನಾಗಿದೆ.

ಈಗ ಪ್ರತಿ ಸಾಲಿಗೂ ಮೂರು ಕಾಗದ ಕೇಳಿ: ಠರಾವು ಎಲ್ಲಿ, ಬಿಲ್ಲು ಎಲ್ಲಿ, ಸಾಮಾನು ದಾಖಲಾದ ಸ್ಟಾಕ್ ವಹಿಯ ಪುಟ ಎಲ್ಲಿ. ಬೆಂಚು, ಫ್ಯಾನಿನಂಥ ಬಾಳಿಕೆ ಬರುವ ವಸ್ತು ಡೆಡ್‌ಸ್ಟಾಕ್ ವಹಿಗೂ, ಸಾಬೂನು, ಖಡುವಿನಂಥ ಸವೆಯುವ ವಸ್ತು ಬೇರೆ ವಹಿಗೂ ಹೋಗಬೇಕು. ತಾರೀಖುಗಳ ಸರದಿ ನೋಡಿ: ಠರಾವು ಮೊದಲು, ಬಿಲ್ಲು ಆಮೇಲೆ, ಪಾವತಿ ಅದರ ನಂತರ. ಬಿಲ್ಲಿನ ತಾರೀಖು ಠರಾವಿಗಿಂತ ಹಿಂದಿನದಾದರೆ, ಕೊಂಡ ಮೇಲೆ ಒಪ್ಪಿಗೆ ಬರೆಸಿಕೊಂಡಿದ್ದಾರೆ ಎಂದರ್ಥ.

ಕಾಗದ ಸರಿಯಿದ್ದ ಮಾತ್ರಕ್ಕೆ ಎದ್ದು ಬರಬೇಡಿ. ಮೇಲಿನ ಮಹಡಿಗೆ ಹೋಗಿ ಬೆಂಚು ಎಣಿಸಿ. "ಸರ್, ಹನ್ನೆರಡು ಬೆಂಚು ಅಂತ ಬರದದ, ಒಮ್ಮೆ ತೋರಸ್ರಿ" ಎಂದರೆ ಸಾಕು, ಇದರಲ್ಲಿ ಜಗಳವಿಲ್ಲ. ಹೊಸ ಹಲಗೆಯ ಬಣ್ಣ ಬೇರೆ, ಅಂಚು ಸವೆದಿರುವುದಿಲ್ಲ, ಕೆಳಗೆ ಬಗ್ಗಿ ನೋಡಿದರೆ ಸ್ಕ್ರೂ ಹೊಳೆಯುತ್ತದೆ. ನಮ್ಮ ಲೆಕ್ಕದಲ್ಲಿ ಎಣಿಸಿದಾಗ ಒಂಬತ್ತೇ ಸಿಕ್ಕವು ಎನ್ನಿ. ಮೂರು ಬೆಂಚಿಗೆ ₹750ರಂತೆ ₹2,250 ಹೆಚ್ಚು ಹೋಗಿದೆ, ಇಲ್ಲವೇ ಹೋಗಲಿದೆ. ಪಾವತಿ ಆಗಿಲ್ಲದಿದ್ದರೆ ಒಂಬತ್ತಕ್ಕೆ ₹6,750ರ ಹೊಸ ಬಿಲ್ಲು ತರಿಸಿ. ಆಗಿಹೋಗಿದ್ದರೆ ಉಳಿದ ಮೂರನ್ನು ಇಂಥ ದಿನದೊಳಗೆ ಮಾಡಿಕೊಡಬೇಕೆಂದು ಬಡಿಗನಿಗೆ ಲಿಖಿತ ಸೂಚನೆ ಕೊಡುವ ಠರಾವು ಮಾಡಿ. ಮೂರು ಬೆಂಚು ತಳಮಹಡಿಯ ಬೇರೆ ವರ್ಗಕ್ಕೆ ಹೋಗಿರುವ ಸಾಧ್ಯತೆಯೂ ಉಂಟು. ಪಾಲಿಕೆಯ ಒಂದೇ ಕಟ್ಟಡದಲ್ಲಿ ಮರಾಠಿ, ಹಿಂದಿ, ಉರ್ದು ಶಾಲೆಗಳೂ ಇರುವುದರಿಂದ ಸಾಮಾನು ಅತ್ತಿತ್ತ ಹೋಗುತ್ತದೆ. ಆದ್ದರಿಂದ ತಪ್ಪು ಹೊರಿಸುವ ಮೊದಲು ಹುಡುಕಿ, ಸಿಕ್ಕ ಮೇಲೆ ಬೆಂಚಿನ ಬೆನ್ನಿಗೆ ಶಾಲೆಯ ಹೆಸರು, ಸಂಖ್ಯೆ ಬರೆಸಿ.

ಇನ್ನು ಆ ಕೊನೆಯ ₹9,000. "ಶಾಲಾ ಸಾಹಿತ್ಯ" ಎಂದರೆ ಮರಾಠಿಯಲ್ಲಿ ಶಾಲಾ ಸಾಮಗ್ರಿ. ಅದು ಏನು ಬೇಕಾದರೂ ಆಗಬಹುದು. ವಸ್ತುಗಳ ಹೆಸರು, ಸಂಖ್ಯೆ, ದರ ಬಿಡಿಬಿಡಿಯಾಗಿ ಬರೆದ ಬಿಲ್ಲು ಬರುವವರೆಗೆ ಉಪಯೋಗಿತಾ ಪ್ರಮಾಣಪತ್ರಕ್ಕೆ ಅಧ್ಯಕ್ಷರು ಸಹಿ ಹಾಕಬಾರದು. ಆ ಪತ್ರದ ಅರ್ಥ, ಹಣ ಯಾವುದಕ್ಕೆ ಬಂತೋ ಅದಕ್ಕೇ ಖರ್ಚಾಗಿದೆ ಎಂದು ಸಮಿತಿ ಸಾಕ್ಷಿ ಹೇಳುವುದು. ಸಾಮಾನು ನಿಜವಾಗಿಯೂ ಬಂದಿದ್ದರೆ ಬಿಡಿ ಬಿಲ್ಲು ಒಂದೇ ದಿನದಲ್ಲಿ ಸಿಗುತ್ತದೆ.

ಹಣದ ಹೊರಗಿನ ನಿಗಾ

ಮಧ್ಯಾಹ್ನದ ಊಟದ ಗುಣಮಟ್ಟ, ಸ್ವಚ್ಛತೆ ನೋಡುವುದನ್ನೂ ನಿಯಮ ಸಮಿತಿಗೇ ವಹಿಸಿದೆ. 1ರಿಂದ 5ನೇ ಇಯತ್ತೆಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. 6ರಿಂದ 8ಕ್ಕೆ 150, 30, 75 ಗ್ರಾಂ. ಇದು ಹಸಿ ತೂಕ. ಊಟ ಹೊರಗೆ ಬೆಂದು ಡಬ್ಬಗಳಲ್ಲಿ ಬರುವ ಕಡೆ ಖಿಚಡಿಯಲ್ಲಿ ಎಷ್ಟು ಬೇಳೆ ಬಿದ್ದಿದೆಯೆಂದು ತೂಗಿ ನೋಡಲಾಗದು. ಅದಕ್ಕೆ ಮುನ್ಸೂಚನೆ ಕೊಡದೆ ತಿಂಗಳಿಗೊಂದು ದಿನ ಹೋಗಿ. ಊಟ ಬಂದ ಹೊತ್ತು, ಮುಚ್ಚಳ ತೆಗೆದಾಗ ಹಬೆ ಇದೆಯೇ, ವಾಸನೆ ಹೇಗಿದೆ ನೋಡಿ. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಿ ಬರೆದಿಡಬೇಕು, ನೀವೂ ಒಂದು ಚಮಚ ತಿಂದು ಅದೇ ವಹಿಯಲ್ಲಿ ಬರೆಯಿರಿ. ಆಮೇಲೆ ಅಂದಿನ ಹಾಜರಿ ಮತ್ತು ಊಟದ ವಹಿಯ ಸಂಖ್ಯೆ ಹೋಲಿಸಿ. ವರ್ಗಗಳಲ್ಲಿ 112 ಮಕ್ಕಳು ಕೂತಿದ್ದು ಊಟದ ವಹಿಯಲ್ಲಿ 138 ಇದ್ದರೆ, ದಾಖಲಾತಿಯ ಸಂಖ್ಯೆಯನ್ನೇ ದಿನಾ ನಕಲು ಮಾಡುತ್ತಿದ್ದಾರೆ.

ಹಾಜರಿಯಲ್ಲಿ ನಮ್ಮ ಮಂದಿಗೇ ವಿಶೇಷವಾದ ತೊಡಕೊಂದಿದೆ. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಕುಟುಂಬಗಳು ಜಾತ್ರೆಗೆ, ಸುಗ್ಗಿಗೆ ಊರಿಗೆ ಹೋದರೆ ಮಕ್ಕಳು ವಾರಗಟ್ಟಲೆ ಬರುವುದಿಲ್ಲ. ಯಾರು ಮರಳುತ್ತಾರೆ, ಯಾರು ಅಲ್ಲೇ ಉಳಿದರು ಎಂಬುದು ಮಾಸ್ತರರಿಗಿಂತ ಓಣಿಯ ಸದಸ್ಯರಿಗೆ ಚೆನ್ನಾಗಿ ಗೊತ್ತು. ಹದಿನೈದು ದಿನ ಬಾರದ ಮಕ್ಕಳ ಪಟ್ಟಿಯನ್ನು ಪ್ರತಿ ಸಭೆಯಲ್ಲಿ ಓದಿಸಿ, ಮನೆ ಹಂಚಿಕೊಳ್ಳಿ. ಊರಲ್ಲೇ ಶಾಲೆಗೆ ಸೇರಿಸುವುದಾದರೆ ವರ್ಗಾವಣೆ ಪತ್ರವನ್ನು ಮುಖ್ಯಾಧ್ಯಾಪಕರು ಕೂಡಲೇ ಕೊಡಬೇಕೆಂದು ಕಾಯ್ದೆಯ 5ನೇ ಕಲಮು ಹೇಳುತ್ತದೆ. ಪತ್ರ ತಡವಾಯಿತೆಂದು ಅಲ್ಲಿಯ ಶಾಲೆ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ.

ಶಿಕ್ಷಕರ ಸಂಖ್ಯೆಯ ಲೆಕ್ಕ ಸಣ್ಣದು. 1ರಿಂದ 5ರವರೆಗೆ 60 ಮಕ್ಕಳಿಗೆ ಇಬ್ಬರು, 90ಕ್ಕೆ ಮೂವರು, 120ಕ್ಕೆ ನಾಲ್ವರು. 6ರ ಮೇಲೆ 35 ಮಕ್ಕಳಿಗೊಬ್ಬರು, ವರ್ಗಕ್ಕೊಬ್ಬರಾದರೂ ಬೇಕು. ಕಡಿಮೆಯಿದ್ದರೆ ಅಭಿವೃದ್ಧಿ ಯೋಜನೆಯಲ್ಲಿ ಸಂಖ್ಯೆ ಸಮೇತ ಬರೆಯಿರಿ, ಕನ್ನಡದಲ್ಲಿ ಕಲಿಸಬಲ್ಲ ಶಿಕ್ಷಕರೇ ಬೇಕೆಂದು ಒತ್ತಿ ಬರೆಯಿರಿ.

ಎಲ್ಲಿ ನಿಲ್ಲಬೇಕು, ಎಲ್ಲಿಗೆ ಬರೆಯಬೇಕು

ಶಿಕ್ಷಕರ ವರ್ಗಾವಣೆ, ಶಿಸ್ತುಕ್ರಮ ಸಮಿತಿಯ ಕೈಯಲ್ಲಿಲ್ಲ. ಪಾಠ ನಡೆಯುವಾಗ ವರ್ಗದೊಳಗೆ ನುಗ್ಗಿ ಮಕ್ಕಳೆದುರು ಮಾಸ್ತರರನ್ನು ಪ್ರಶ್ನಿಸುವುದೂ ಸಲ್ಲ. ಮಗುವನ್ನು ಹೊಡೆದ ದೂರು ಬಂದರೆ (17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ) ಸಭೆಯಲ್ಲೇ ಮುಚ್ಚಿಹಾಕಿ ರಾಜಿ ಮಾಡಿಸುವ ಅಧಿಕಾರವೂ ನಿಮಗಿಲ್ಲ. ಅದನ್ನು ಮೇಲಿನವರ ಗಮನಕ್ಕೆ ತರುವುದೇ ಸಮಿತಿಯ ಕರ್ತವ್ಯ. ಮಗುವಿನ ಹೆಸರು ನಡಾವಳಿಯಲ್ಲಿ ಬರದಂತೆ ನೋಡಿಕೊಳ್ಳಿ.

ಬರೆಯುವ ದಾರಿ ಹೀಗೆ. ಮೊದಲು ಮುಖ್ಯಾಧ್ಯಾಪಕರಿಗೆ ಠರಾವಿನ ಪ್ರತಿ. ಅಲ್ಲಿ ಆಗದಿದ್ದರೆ ವಿಭಾಗ ನಿರೀಕ್ಷಕರಿಗೆ, ಅಂದರೆ ಬೀಟ್ ಆಫೀಸರಿಗೆ, ಬಳಿಕ ವಾರ್ಡಿನ ಶಾಲಾ ಪ್ರಶಾಸಕೀಯ ಅಧಿಕಾರಿಗೆ. ಸೋರುವ ಛಾವಣಿ, ಒಡೆದ ಶೌಚಾಲಯದಂಥ ಕಟ್ಟಡದ ಕೆಲಸಗಳನ್ನು ನೋಡುವುದು ಪಾಲಿಕೆಯ ಶಾಲಾ ಮೂಲಸೌಕರ್ಯ ಕೋಶ. ಶೌಚಾಲಯ ನಾಲ್ಕು ಭಾಷೆಯ ಶಾಲೆಗಳಿಗೆ ಒಂದೇ ಆಗಿದ್ದರೆ ನಾಲ್ಕೂ ಸಮಿತಿಗಳ ಅಧ್ಯಕ್ಷರು ಒಂದೇ ಅರ್ಜಿಗೆ ಸಹಿ ಹಾಕಿ, ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತ ವರ್ಷ ಕಳೆಯುತ್ತದೆ. ಮಗುವಿನ ಹಕ್ಕಿನ ದೂರಾದರೆ 32ನೇ ಕಲಮಿನಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಅವರು ಮೂರು ತಿಂಗಳೊಳಗೆ ತೀರ್ಮಾನ ಕೊಡಬೇಕು. ಅದು ಒಪ್ಪಿಗೆಯಾಗದಿದ್ದರೆ ರಾಜ್ಯ ಬಾಲಹಕ್ಕು ಸಂರಕ್ಷಣಾ ಆಯೋಗಕ್ಕೆ ಮೇಲ್ಮನವಿ.

ಎಲ್ಲೇ ಕೊಟ್ಟರೂ ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಅರ್ಜಿ ಕಚೇರಿಗೆ ಬಂದದ್ದನ್ನು ತೋರಿಸುವ ಆವಕ್ ಸಂಖ್ಯೆ, ತಾರೀಖು, ಶಿಕ್ಕೆ ಹಾಕಿಸಿಕೊಂಡು ಬನ್ನಿ. ಅದನ್ನು ಸಭೆಯ ವಹಿಗೆ ಅಂಟಿಸಿ, ಮುಂದಿನ ತಿಂಗಳ ನೋಟೀಸಿನಲ್ಲಿ ಮೊದಲ ವಿಷಯವಾಗಿ ಬರೆಸಿ: "ಹಿಂದಿನ ಅರ್ಜಿಗೆ ಬಂದ ಉತ್ತರ."